ಸೆರಗಿನ ಫೋಟೊ ಮೇಲೆ ಮಗಳು ಹಾಕಿದ ಸ್ಟಿಕ್ಕರ್ ತೆಗೆಯುವುದು ಹೇಗೆ?

ದಾರಸೂಜಿ (ಧಾರವಾಡ)
ಭಾನುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ಮಾಳಮಡ್ಡಿಯಲ್ಲಿ ಮನೆಯಲ್ಲಿಯೇ ಕಸೂತಿ ಹಾಕುತ್ತೇನೆ, ಹೆಚ್ಚಾಗಿ ಇಳಕಲ್ ಸೀರೆಯ ಸೆರಗಿಗೆ. ಗೊತ್ತಿದ್ದವರಿಗೆ ಗೊತ್ತು, ಈ ಕೆಲಸದಲ್ಲಿ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಸೀರೆ ಗಿರಾಕಿಯ ಕೈ ಸೇರಿದ ಮೇಲೆ ಆ ಎಣಿಕೆಗೆ ನನ್ನ ಬಳಿ ಉಳಿಯುವ ದಾಖಲೆ ಫೋಟೊ ಒಂದೇ.

ಕಳೆದ ತಿಂಗಳು ಮೂರು ಸೀರೆ ಮುಗಿಸಿ ಕೊಟ್ಟೆ: ಒಂದಕ್ಕೆ ಆನೆಗಳ ಸಾಲು, ಒಂದಕ್ಕೆ ತುಳಸಿ ಕಟ್ಟೆ, ಇನ್ನೊಂದಕ್ಕೆ ದೊಡ್ಡ ಗೋಪುರ. ಒಂಬತ್ತನೇ ತರಗತಿಯ ಮಗಳು ಮೂರೂ ಫೋಟೊಗಳಿಗೆ ಹೃದಯ, ಹೂವು, ನಗುವ ಎಮೋಜಿ ಹಾಕಿ ನನ್ನ ಸ್ಟೇಟಸ್‌ನಲ್ಲಿ ಇಟ್ಟಳು. ಆಗ ನನಗೂ ಚೆನ್ನಾಗಿಯೇ ಕಂಡಿತು. ಈಗ ಬೆಳಗಾವಿಯವರೊಬ್ಬರು ಅದೇ ಗೋಪುರ ಬೇಕು ಎಂದು ಕೇಳಿದ್ದಾರೆ. ಫೋಟೊ ತೆರೆದರೆ ಕಳಸದ ಬಲಗಡೆ ಪೂರ್ತಿ ಕೆಂಪು ಹೃದಯ ಕುಳಿತಿದೆ. ಬೆರಳಿಟ್ಟು ಎಳೆದರೆ ಸರಿಯುತ್ತಿಲ್ಲ. ಮಗಳು ಹಾಕುವಾಗ ಅದೇ ಹೃದಯ ಎಲ್ಲಿ ಬೇಕಾದರೂ ಸರಿಯುತ್ತಿತ್ತು, ಚಿಕ್ಕದೂ ದೊಡ್ಡದೂ ಆಗುತ್ತಿತ್ತು. ನಾನೇ ಕಣ್ಣಾರೆ ನೋಡಿದ್ದೇನೆ. ಉಳಿಸಿದ ಮೇಲೆ ಏಕೆ ಸರಿಯುವುದಿಲ್ಲ? ತೆಗೆಯುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

---

ಬೆಟಗೇರಿ ಕಾಕಾ (ಗದಗ)
ಭಾನುವಾರ, ರಾತ್ರಿ 9:32

ತಂಗಿ, ಕಳಿಸಿದ ಸ್ಟಿಕ್ಕರ್ ಮೇಲೆ ಬೆರಳು ಒತ್ತಿ ಹಿಡಿದರೆ ‘ಎಲ್ಲರಿಗೂ ಅಳಿಸು’ ಎಂದು ಬರುತ್ತದೆ. ಅದನ್ನು ಒತ್ತಿದರೆ ಆಯಿತು. ಬಹಳ ದಿನ ಆಗಿದ್ದರೆ ಮಾತ್ರ ಬರುವುದಿಲ್ಲ.

---

ದಾರಸೂಜಿ
ಭಾನುವಾರ, ರಾತ್ರಿ 9:40

ಕಾಕಾ, ಅದು ಸಂದೇಶದಲ್ಲಿ ಕಳಿಸಿದ ಸ್ಟಿಕ್ಕರ್ ಅಲ್ಲ. ಫೋಟೊದ ಮೇಲೆಯೇ ಅಂಟಿಸಿದ್ದು.

---

ಹೊಸಗಣ್ಣು (ಹಾವೇರಿ)
ಭಾನುವಾರ, ರಾತ್ರಿ 9:51

ಬಹಳ ಸುಲಭ ಅಕ್ಕ. ಗ್ಯಾಲರಿಯಲ್ಲಿ ಆ ಫೋಟೊ ತೆರೆದು ಎಡಿಟ್ ಒತ್ತಿ, ಅಲ್ಲಿ `Revert` ಎಂದು ಇರುತ್ತದೆ. ಅದನ್ನು ಒತ್ತಿದರೆ ಮೊದಲಿನ ಫೋಟೊ ಬರುತ್ತದೆ. ನಾನು ಎಷ್ಟೋ ಸಲ ಮಾಡಿದ್ದೇನೆ, ಒಮ್ಮೆಯೂ ತಪ್ಪಿಲ್ಲ. ಫೋನ್ ಎಲ್ಲವನ್ನೂ ಒಳಗೆ ಇಟ್ಟುಕೊಂಡಿರುತ್ತದೆ.

---

ಕತ್ತಲೆಕೋಣೆ (ಹುಬ್ಬಳ್ಳಿ)
ಭಾನುವಾರ, ರಾತ್ರಿ 10:25

ನಾನು ಇಪ್ಪತ್ತು ವರ್ಷದಿಂದ ಸ್ಟುಡಿಯೊ ನಡೆಸುತ್ತಿದ್ದೇನೆ. ಹೊಸಗಣ್ಣು ಹೇಳಿದ್ದನ್ನು ಮೊದಲು ಮಾಡಿ ನೋಡಿ, ಆದರೆ ಅದು ಎಲ್ಲ ಕಡೆ ನಡೆಯುವುದಿಲ್ಲ. ಐಫೋನಿನ ಫೋಟೊ ಆ್ಯಪ್‌ನಲ್ಲಿ, ಕೆಲವು ಆಂಡ್ರಾಯ್ಡ್ ಫೋನ್‌ಗಳ ಸ್ವಂತ ಗ್ಯಾಲರಿಯಲ್ಲಿ ತಿದ್ದಿದರೆ ಮೂಲವನ್ನು ಬದಿಗಿಟ್ಟು ತಿದ್ದಿದ್ದನ್ನು ಬೇರೆಯಾಗಿ ತೋರಿಸುತ್ತಾರೆ. ಅಲ್ಲಿ ಮಾತ್ರ ಹಿಂದಕ್ಕೆ ಹೋಗಬಹುದು. ಬೇರೆ ಕಡೆಯಿಂದ ಇಳಿಸಿಕೊಂಡ ಸ್ಟಿಕ್ಕರ್ ಆ್ಯಪ್‌ನಲ್ಲಿ ಹಾಕಿ ಅದೇ ಫೋಟೊದ ಮೇಲೆ ಉಳಿಸಿದ್ದರೆ ಗ್ಯಾಲರಿಗೆ ಹಿಂದಿನದು ಏನಿತ್ತೆಂದು ತಿಳಿದಿರುವುದೇ ಇಲ್ಲ.

ಏಕೆ ಸರಿಯುವುದಿಲ್ಲ ಎಂದು ಕೇಳಿದ್ದೀರಿ. ನಿಮ್ಮ ಕೆಲಸದ ಮಾತಿನಲ್ಲಿಯೇ ಹೇಳುತ್ತೇನೆ. ಮಗಳು ಹೃದಯವನ್ನು ಅತ್ತಿತ್ತ ಸರಿಸುತ್ತಿದ್ದಾಗ ಅದು ಸೀರೆಯ ಮೇಲೆ ಇಟ್ಟ ಕಾಗದದ ತುಂಡಿನಂತೆ ಬೇರೆಯಾಗಿ ಇತ್ತು. ಫೋನ್ ಎರಡನ್ನೂ ನೆನಪಿನಲ್ಲಿ ಬೇರೆ ಬೇರೆ ಹಿಡಿದಿತ್ತು. ಉಳಿಸು ಎಂದ ಕ್ಷಣ ಎರಡೂ ಸೇರಿ ಒಂದೇ ಚಿತ್ರವಾಯಿತು. ಫೋಟೊದ ಜೆಪೆಗ್ ಕಡತದಲ್ಲಿ ಚುಕ್ಕೆಗಳ ಒಂದೇ ಹಾಸು ಇರುತ್ತದೆ. ಪ್ರತಿ ಚುಕ್ಕೆಗೆ ಒಂದೇ ಬಣ್ಣ. ಹೃದಯ ಬಿದ್ದ ಜಾಗದಲ್ಲಿ ಸೀರೆಯ ಬಣ್ಣದ ಲೆಕ್ಕವನ್ನು ಬಿಟ್ಟು ಕೆಂಪಿನ ಲೆಕ್ಕವನ್ನು ಬರೆದಿದೆ. ಹಾಕಿದ ಎಳೆಯನ್ನು ಬಿಚ್ಚಿ ಅದೇ ತೂತಿನಲ್ಲಿ ಬೇರೆ ಬಣ್ಣದ ಎಳೆ ಹಾಕಿದಂತೆ. ಮೇಲಿನದನ್ನು ಕಿತ್ತರೆ ಕೆಳಗೆ ಹಳೆಯ ಹೊಲಿಗೆ ಇರುವುದಿಲ್ಲ, ಬರೀ ತೂತು.

ಹೃದಯದ ಅಂಚನ್ನು ಎರಡು ಬೆರಳಿನಿಂದ ಪೂರ್ತಿ ಹಿಗ್ಗಿಸಿ ನೋಡಿ. ಕೆಂಪಿನ ಸುತ್ತ ಸೀರೆಯ ಮೇಲೆ ಧೂಳಿನಂತಹ ಕಲೆಗಳು ಕಾಣುತ್ತವೆ. ಜೆಪೆಗ್ ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕಗಳಾಗಿ ಕತ್ತರಿಸಿ ಒತ್ತಿ ಇಡುತ್ತದೆ. ಒಂದೇ ಚೌಕದಲ್ಲಿ ಅರ್ಧ ಹೃದಯ, ಅರ್ಧ ಸೀರೆ ಬಿದ್ದರೆ ಎರಡನ್ನೂ ಒಟ್ಟಿಗೆ ಒತ್ತುತ್ತದೆ, ಆಗ ಆ ಧೂಳು ಏಳುತ್ತದೆ. ಅದು ಕಂಡರೆ ಸ್ಟಿಕ್ಕರ್ ಬಟ್ಟೆಯೊಂದಿಗೆ ಒಂದಾಗಿದೆ ಎಂದೇ ಅರ್ಥ.

ಈಗ ಮೂರು ವಿಷಯ ತಿಳಿಸಿ. ಮೂರು ಫೋಟೊಗಳನ್ನೂ ಒಂದೇ ಆ್ಯಪ್‌ನಲ್ಲಿ ತಿದ್ದಿದ್ದಾರೆಯೇ? ಪ್ರತಿ ಫೋಟೊದ ವಿವರದಲ್ಲಿ ಕಡತದ ಹೆಸರು ಮತ್ತು ಅಳತೆ ಏನಿದೆ? ಸ್ಟಿಕ್ಕರ್ ಹಾಕುವ ಮೊದಲು ಆ ಫೋಟೊಗಳನ್ನು ಯಾರಿಗಾದರೂ ಕಳಿಸಿದ್ದಿರಾ?

---

ಹೊಸಗಣ್ಣು
ಭಾನುವಾರ, ರಾತ್ರಿ 10:41

ಅಣ್ಣ, ಕೆಳಗಿನದು ಪೂರ್ತಿ ಹೋಗುತ್ತದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. 2023ರಲ್ಲಿ ಪಿಕ್ಸೆಲ್ ಫೋನ್‌ಗಳಲ್ಲಿ ಕತ್ತರಿಸಿ ತೆಗೆದ ಭಾಗವನ್ನೂ ಮತ್ತೆ ಹೊರಗೆ ತೆಗೆದಿದ್ದರು. ಅಂದರೆ ಕಡತದ ಒಳಗೆ ಹಳೆಯದು ಇರುತ್ತದೆ ಎಂದಾಯಿತಲ್ಲ?

---

ಕತ್ತಲೆಕೋಣೆ
ಭಾನುವಾರ, ರಾತ್ರಿ 11:02

ಅದು ನಿಜವಾಗಿ ನಡೆದದ್ದು. ಆದರೆ ಅದು ಆ ಒಂದು ಆ್ಯಪ್‌ನಲ್ಲಿದ್ದ ದೋಷ. ಸ್ಕ್ರೀನ್‌ಶಾಟ್ ಕತ್ತರಿಸಿ ಉಳಿಸಿದಾಗ ಹೊಸ ಕಡತ ಚಿಕ್ಕದಾಗುತ್ತಿತ್ತು. ಅದನ್ನು ಹಳೆಯ ದೊಡ್ಡ ಕಡತದ ಮೇಲೆ ಬರೆದು, ಉಳಿದ ಬಾಲವನ್ನು ಕತ್ತರಿಸದೆ ಬಿಡುತ್ತಿದ್ದರು. ಆ ಬಾಲದಿಂದ ಹಳೆಯ ಚಿತ್ರದ ಸ್ವಲ್ಪ ಭಾಗವನ್ನು ಹೊರತೆಗೆದರು. ಆ ವರ್ಷ ಮಾರ್ಚ್‌ನಲ್ಲಿಯೇ ಅದನ್ನು ಸರಿಪಡಿಸಿದರು. ಕ್ಯಾಮೆರಾದಲ್ಲಿ ತೆಗೆದ ಸೀರೆಯ ಫೋಟೊಗೆ ಅದು ಅನ್ವಯಿಸುವುದಿಲ್ಲ. ಅಕ್ಕನಿಗೆ ಆ ಭರವಸೆ ಕೊಡಬೇಡ ತಮ್ಮ.

---

ದಾರಸೂಜಿ
ಸೋಮವಾರ, ಬೆಳಿಗ್ಗೆ 7:15

ಮಗಳನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದೆ. ಪಾಪ, ಅಳುವುದಕ್ಕೇ ಬಂದಿದ್ದಳು. ತಪ್ಪು ನಿನ್ನದಲ್ಲ, ನನಗೂ ಗೊತ್ತಿರಲಿಲ್ಲ ಎಂದೆ.

ಆನೆ ಸಾಲಿನ ಫೋಟೊಗೆ ಫೋನಿನ ಗ್ಯಾಲರಿಯಲ್ಲಿಯೇ ಸ್ಟಿಕ್ಕರ್ ಹಾಕಿದ್ದಾಳೆ. ಹೊಸಗಣ್ಣು ಹೇಳಿದಂತೆ ಎಡಿಟ್ ಒತ್ತಿ ನೋಡಿದೆ, `Revert` ಇತ್ತು, ಒತ್ತಿದೆ, ಹೂವುಗಳೆಲ್ಲ ಹೋಗಿ ಆನೆಗಳು ಬಂದವು! ತುಂಬಾ ಸಂತೋಷವಾಯಿತು ತಮ್ಮ.

ಉಳಿದ ಎರಡಕ್ಕೆ ಬೇರೆ ಆ್ಯಪ್ ಬಳಸಿದ್ದಾಳೆ. ಅಲ್ಲಿ `Revert` ಇಲ್ಲ. ತುಳಸಿ ಕಟ್ಟೆಯ ಫೋಟೊ ಆ ಆ್ಯಪ್‌ನ ಹೆಸರಿನ ಬೇರೆ ಫೋಲ್ಡರ್‌ನಲ್ಲಿದೆ. ಗೋಪುರದ್ದು ಕ್ಯಾಮೆರಾ ಫೋಲ್ಡರ್‌ನಲ್ಲಿಯೇ ಇದೆ, ಹೆಸರು ಹಳೆಯದೇ, ಅಳತೆ 3000×4000.

ಗೋಪುರದ ಫೋಟೊವನ್ನು ಹೃದಯ ಹಾಕುವ ಹಿಂದಿನ ದಿನ ಮದುಮಗಳ ತಾಯಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೆ. ಅವರು ಫೋನ್ ಬದಲಿಸಿದ್ದಾರಂತೆ, ಅವರ ಬಳಿ ಇಲ್ಲ. ನನ್ನ ಚಾಟ್ ಅನ್ನೂ ನಾನು ಅಳಿಸಿದ್ದೇನೆ.

---

ಕತ್ತಲೆಕೋಣೆ
ಸೋಮವಾರ, ಬೆಳಿಗ್ಗೆ 8:05

ನಿಮ್ಮ ಉತ್ತರದಿಂದ ಬಹಳಷ್ಟು ತಿಳಿಯಿತು. ತುಳಸಿ ಕಟ್ಟೆ ಬೇರೆ ಫೋಲ್ಡರ್‌ನಲ್ಲಿ ಇದೆ ಎಂದರೆ ಆ ಆ್ಯಪ್ ಹೊಸ ಪ್ರತಿ ಮಾಡಿದೆ, ಮೂಲವನ್ನು ಮುಟ್ಟಿಲ್ಲ. ಹಾಗಿದ್ದರೆ ಮೂಲ ಎಲ್ಲಿ ಹೋಯಿತು? ಒಂದೇ ರೀತಿಯ ಎರಡು ಫೋಟೊ ಏಕೆ ಎಂದು ಯಾರೋ ಅಳಿಸಿರಬೇಕು. ಈಗಲೇ ಗ್ಯಾಲರಿಯ ಕಸದ ಬುಟ್ಟಿ ತೆರೆಯಿರಿ. ಸಾಮಾನ್ಯವಾಗಿ 30 ದಿನ ಅಲ್ಲಿ ಇರುತ್ತದೆ. ನಂತರ ತಾನಾಗಿ ಹೋಗುತ್ತದೆ, ಆದ್ದರಿಂದ ಸಂಜೆಯವರೆಗೆ ಕಾಯಬೇಡಿ.

ಗೋಪುರದ ಕಥೆ ಬೇರೆ. ಹೆಸರೂ ಜಾಗವೂ ಹಳೆಯದೇ ಆಗಿದ್ದರೆ ಅದರ ಮೇಲೆಯೇ ಬರೆದಿದ್ದಾರೆ. ಈಗಿನ ಆಂಡ್ರಾಯ್ಡ್‌ನಲ್ಲಿ ಒಂದು ಆ್ಯಪ್ ಬೇರೆಯವರ ಫೋಟೊ ಬದಲಿಸಬೇಕಾದರೆ ‘ಈ ಫೋಟೊ ಬದಲಿಸಲು ಅನುಮತಿ ಕೊಡುತ್ತೀರಾ’ ಎಂದು ಫೋನ್ ಕೇಳುತ್ತದೆ. ಮಗಳು ಅಲ್ಲಿ ಹೌದು ಎಂದು ಒತ್ತಿರಬೇಕು. ಅಳಿಸಿದ ಫೋಟೊ ಕಸದ ಬುಟ್ಟಿಗೆ ಹೋಗುತ್ತದೆ. ಮೇಲೆ ಬರೆದದ್ದು ಬುಟ್ಟಿಗೆ ಹೋಗುವುದಿಲ್ಲ, ಏಕೆಂದರೆ ಫೋನಿನ ಲೆಕ್ಕದಲ್ಲಿ ಏನೂ ಅಳಿಸಿಲ್ಲ. ಹೋದ ಫೋಟೊ ತರುತ್ತೇವೆ ಎನ್ನುವ ಆ್ಯಪ್‌ಗಳಿಗೆ ಹಣ ಕೊಡಬೇಡಿ. ನನ್ನ ಅಂಗಡಿಗೆ ಬಂದವರಲ್ಲಿ ಅವು ಕೊಟ್ಟದ್ದು ಹೆಚ್ಚೆಂದರೆ ಹೆಬ್ಬೆರಳಿನಷ್ಟು ಚಿತ್ರಗಳು.

ಆದರೆ ಅದಕ್ಕೆ ಮೊದಲು ಕಳಿಸಿದ್ದಿರಿ ಎಂದಿರಲ್ಲ, ಅದು ನಿಮ್ಮ ಪುಣ್ಯ. ಆಂಡ್ರಾಯ್ಡ್‌ನಲ್ಲಿ ನೀವು ಕಳಿಸಿದ ಫೋಟೊದ ಚಿಕ್ಕ ಪ್ರತಿಯೊಂದನ್ನು ವಾಟ್ಸ್‌ಆ್ಯಪ್ ನಿಮ್ಮ ಫೋನಿನಲ್ಲಿಯೇ ಇಡುತ್ತದೆ. ಮೂಲವನ್ನು ಆಮೇಲೆ ಏನು ಮಾಡಿದರೂ ಆ ಪ್ರತಿ ಬದಲಾಗುವುದಿಲ್ಲ. ಗ್ಯಾಲರಿಯಲ್ಲಿ ಅದು ಕಾಣುವುದಿಲ್ಲ, ಫೈಲ್ ಮ್ಯಾನೇಜರ್‌ನಲ್ಲಿ ಹುಡುಕಬೇಕು:

```
Android/media/com.whatsapp/WhatsApp/Media/WhatsApp Images/Sent
```

ಹೆಸರು `IMG-` ಎಂದು ಶುರುವಾಗಿ, ಕಳಿಸಿದ ದಿನಾಂಕ, ಕೊನೆಗೆ `WA` ಮತ್ತು ಅಂಕಿ ಇರುತ್ತದೆ. ಚಾಟ್ ಅಳಿಸುವಾಗ ಮಾಧ್ಯಮವನ್ನೂ ಅಳಿಸು ಎಂದು ಗುರುತು ಹಾಕಿದ್ದರೆ ಮಾತ್ರ ಹೋಗಿರುತ್ತದೆ.

---

ಬೆಟಗೇರಿ ಕಾಕಾ
ಸೋಮವಾರ, ಬೆಳಿಗ್ಗೆ 9:20

ಇದನ್ನು ಓದಿ ನನ್ನದೊಂದು ಸಮಾಧಾನವಾಯಿತು. ಮೊನ್ನೆ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊವನ್ನು ಸಂಘದ ಗುಂಪಿನಲ್ಲಿ ಹಾಕಬೇಕಾಗಿತ್ತು. ಖಾತೆ ಸಂಖ್ಯೆಯ ಮೇಲೆ ಕಪ್ಪು ಪೆನ್ನಿನಿಂದ ಮೂರು ಸಲ ಗೀಚಿ ಕಳಿಸಿದೆ. ಕೆಳಗಿನದು ಪೂರ್ತಿ ಹೋಗುತ್ತದೆ ಎಂದಾದರೆ ಇನ್ನು ಚಿಂತೆ ಇಲ್ಲ.

---

ಕತ್ತಲೆಕೋಣೆ
ಸೋಮವಾರ, ಬೆಳಿಗ್ಗೆ 9:34

ಕಾಕಾ, ನಿಲ್ಲಿ. ಯಾವ ಪೆನ್ನು? ಗಟ್ಟಿ ಗೆರೆಯದೋ, ಅಗಲ ತುದಿಯ ಹೈಲೈಟರ್ ಪೆನ್ನೋ?

---

ಬೆಟಗೇರಿ ಕಾಕಾ
ಸೋಮವಾರ, ಬೆಳಿಗ್ಗೆ 9:50

ಅಗಲ ತುದಿಯದು. ಒಂದು ಸಲ ಎಳೆದಾಗ ಅಂಕಿ ಕಂಡಿತು, ಅದಕ್ಕೇ ಮೂರು ಸಲ ಎಳೆದೆ. ಆಮೇಲೆ ಕಪ್ಪಾಯಿತು.

---

ಕತ್ತಲೆಕೋಣೆ
ಸೋಮವಾರ, ಬೆಳಿಗ್ಗೆ 10:08

ಹಾಗಿದ್ದರೆ ಗುಂಪಿನಿಂದ ಆ ಫೋಟೊವನ್ನು ಈಗಲೇ ಅಳಿಸಿ, ನೀವು ನಿನ್ನೆ ಹೇಳಿದ ‘ಎಲ್ಲರಿಗೂ ಅಳಿಸು’ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೈಲೈಟರ್ ಎನ್ನುವುದು ಬಣ್ಣದ ಗಾಜಿನಂತೆ. ಕೆಳಗಿನ ಬಣ್ಣವನ್ನು ತೆಗೆದುಹಾಕುವುದಿಲ್ಲ, ತನ್ನ ಬಣ್ಣವನ್ನು ಅದರೊಂದಿಗೆ ಬೆರೆಸುತ್ತದೆ. ಮೂರು ಗಾಜು ಇಟ್ಟರೆ ನಮ್ಮ ಕಣ್ಣಿಗೆ ಕಪ್ಪು, ಆದರೆ ಬಿಳಿ ಕಾಗದವಿದ್ದ ಕಡೆಗೂ ಅಂಕಿಯ ಶಾಯಿ ಇದ್ದ ಕಡೆಗೂ ಲೆಕ್ಕದಲ್ಲಿ ಚೂರು ವ್ಯತ್ಯಾಸ ಉಳಿದಿರುತ್ತದೆ. ಯಾರಾದರೂ ಬೆಳಕನ್ನೂ ಕಾಂಟ್ರಾಸ್ಟನ್ನೂ ಪೂರ್ತಿ ಏರಿಸಿದರೆ ಅಂಕಿ ಮೇಲೆ ಬರಬಹುದು. ನೀವೇ ಮಾಡಿ ನೋಡಿ.

ಅಕ್ಕನ ಹೃದಯ ಹಾಗಲ್ಲ, ಅದು ಪೂರ್ತಿ ಮುಚ್ಚುವ ಬಣ್ಣ. ಎಷ್ಟು ಬೆಳಕು ಏರಿಸಿದರೂ ಕೆಂಪು ಇನ್ನಷ್ಟು ಕೆಂಪಾಗುತ್ತದೆ ಅಷ್ಟೇ. ನಿಮಗೆ ಬೇಕಾದದ್ದು ಅಂತಹದ್ದು ಕಾಕಾ: ಗಟ್ಟಿ ಬಣ್ಣ ತುಂಬಿದ ಚೌಕ. ಅದನ್ನು ಹಾಕಿ ಉಳಿಸಿ ಕಳಿಸಿ.

---

ಬೆಟಗೇರಿ ಕಾಕಾ
ಸೋಮವಾರ, ಬೆಳಿಗ್ಗೆ 10:31

ಮಾಡಿ ನೋಡಿದೆ. ಕೊನೆಯ ನಾಲ್ಕು ಅಂಕಿಗಳನ್ನು ನಾನೇ ಓದಿದೆ. ಅಳಿಸಿದ್ದೇನೆ. ಹನ್ನೊಂದು ಜನ ಆಗಲೇ ನೋಡಿಬಿಟ್ಟಿದ್ದಾರೆ.

---

ಹೊಸಗಣ್ಣು
ಸೋಮವಾರ, ಮಧ್ಯಾಹ್ನ 1:12

ಅಕ್ಕ, ನೀವು ಹಾಕಿದ್ದ ಗೋಪುರದ ಫೋಟೊವನ್ನು ಇಳಿಸಿಕೊಂಡು ವಸ್ತು ಅಳಿಸುವ ಸಾಧನದಲ್ಲಿ ಹೃದಯವನ್ನು ಉಜ್ಜಿದೆ. ನೋಡಿ, ಗುರುತೇ ಇಲ್ಲದಂತೆ ಹೋಗಿದೆ, ಕೆಳಗೆ ಕಸೂತಿಯೂ ಬಂದಿದೆ. ಇದಕ್ಕಿಂತ ಇನ್ನೇನು ಬೇಕು?

---

ದಾರಸೂಜಿ
ಸೋಮವಾರ, ಮಧ್ಯಾಹ್ನ 2:40

ಮೊದಲು ನೋಡಿದಾಗ ಕೈ ಮುಗಿಯಬೇಕು ಎನಿಸಿತು. ಆಮೇಲೆ ಕನ್ನಡಕ ಹಾಕಿಕೊಂಡು ಎಣಿಸಿದೆ. ಗೋಪುರದ ಎಡಗಡೆ ಮುರ್ಗಿ ಹೊಲಿಗೆಯ ಮೆಟ್ಟಿಲು 24 ಇವೆ. ನಿನ್ನ ಚಿತ್ರದ ಬಲಗಡೆ 19. ಅದರಲ್ಲಿ ಎರಡು ಮೆಟ್ಟಿಲು ಎಲ್ಲಿಂದಲೂ ಬಂದಿಲ್ಲ, ಎಲ್ಲಿಗೂ ಹೋಗಿಲ್ಲ, ಗಾಳಿಯಲ್ಲಿ ನಿಂತಿವೆ. ಒಂದು ಕಡೆ ಎಳೆ ಓರೆಯಾಗಿ ಹೊರಟು ಮಧ್ಯದಲ್ಲಿಯೇ ಕರಗಿಹೋಗಿದೆ. ಗೋಡೆಗೆ ಹಾಕುವ ಫೋಟೊ ಆಗಿದ್ದರೆ ನಡೆಯುತ್ತಿತ್ತು. ಇದನ್ನು ನೋಡಿ ಸೂಜಿ ಹಿಡಿದರೆ ಕಳಸ ವಾಲುತ್ತದೆ.

ನಿನ್ನ ಶ್ರಮಕ್ಕೆ ನಿಜವಾಗಿ ಋಣಿ. ಆದರೆ ಇದು ನಾನು ಹಾಕಿದ ಗೋಪುರವಲ್ಲ.

---

ಕತ್ತಲೆಕೋಣೆ
ಸೋಮವಾರ, ಮಧ್ಯಾಹ್ನ 3:05

ಅಕ್ಕ ಎಣಿಸಿದ್ದೇ ಸರಿಯಾದ ಪರೀಕ್ಷೆ. ಆ ಸಾಧನಕ್ಕೆ ಹೃದಯದ ಕೆಳಗೆ ಏನಿತ್ತೆಂದು ತಿಳಿಯಲು ದಾರಿಯೇ ಇಲ್ಲ. ಸುತ್ತಲಿನದನ್ನು ನೋಡಿ ಹೊಂದುವಂತಹದನ್ನು ತುಂಬುತ್ತದೆ. ಆಕಾಶ, ಮರಳು, ಸುಣ್ಣದ ಗೋಡೆಗೆ ಅದು ಸಾಕು. ಎಣಿಕೆ ಇರುವ ಕಡೆ, ಮುಖ ಇರುವ ಕಡೆ, ಅಕ್ಷರ ಇರುವ ಕಡೆ ಅದನ್ನು ನಂಬಬಾರದು.

---

ದಾರಸೂಜಿ
ಸೋಮವಾರ, ರಾತ್ರಿ 8:50

ತುಳಸಿ ಕಟ್ಟೆ ಸಿಕ್ಕಿತು! ಕಸದ ಬುಟ್ಟಿಯಲ್ಲಿ ‘ಇನ್ನು 4 ದಿನ’ ಎಂದು ತೋರಿಸುತ್ತಿತ್ತು. ಎರಡು ಇವೆ ಎಂದು ಜಾಗ ಉಳಿಸಲು ನಾನೇ ಅಳಿಸಿದ್ದೆ. ನೀವು ಈಗಲೇ ನೋಡಿ ಎನ್ನದಿದ್ದರೆ ಇದನ್ನೂ ಕಳೆದುಕೊಳ್ಳುತ್ತಿದ್ದೆ.

ಗೋಪುರವೂ ಆ ಫೋಲ್ಡರ್‌ನಲ್ಲಿ ಸಿಕ್ಕಿತು, ಹೃದಯವಿಲ್ಲದೆ. ಆದರೆ ಹಿಗ್ಗಿಸಿದರೆ ಮಂಜು ಮಂಜು. ಅಳತೆ 1200×1600 ಎಂದಿದೆ.

---

ಕತ್ತಲೆಕೋಣೆ
ಸೋಮವಾರ, ರಾತ್ರಿ 9:15

ಕಳಿಸುವಾಗ ಕುಗ್ಗಿಸಿದೆ. ಲೆಕ್ಕ ಹಾಕೋಣ. ಫೋಟೊದ ಅಗಲದಲ್ಲಿ ಸೆರಗು ಎಷ್ಟು ಬಂದಿದೆ, ಒಂದು ಹೊಲಿಗೆ ಎಷ್ಟು ಉದ್ದ?

---

ದಾರಸೂಜಿ
ಸೋಮವಾರ, ರಾತ್ರಿ 9:22

ಸೆರಗು ಸುಮಾರು 60 ಸೆಂಟಿಮೀಟರ್. ಹೊಲಿಗೆ ಎರಡು ಮಿಲಿಮೀಟರ್ ಇರಬಹುದು.

---

ಕತ್ತಲೆಕೋಣೆ
ಸೋಮವಾರ, ರಾತ್ರಿ 9:38

ಮೂಲದಲ್ಲಿ 3000 ಚುಕ್ಕೆ 600 ಮಿಲಿಮೀಟರಿಗೆ, ಅಂದರೆ ಒಂದು ಹೊಲಿಗೆಗೆ ಹತ್ತು ಚುಕ್ಕೆ ಸಿಗುತ್ತಿತ್ತು. ಈ ಪ್ರತಿಯಲ್ಲಿ ನಾಲ್ಕೇ. ನಾಲ್ಕು ಚುಕ್ಕೆಯಲ್ಲಿ ಒಂಟಿ ಗೆರೆಯ ಗವಂತಿ ಹೊಲಿಗೆಯನ್ನು ಎಣಿಸಬಹುದು, ಒತ್ತೊತ್ತಾದ ತುಂಬು ಹೊಲಿಗೆ ಬಣ್ಣದ ಪಟ್ಟಿಯಾಗಿ ಕಾಣುತ್ತದೆ. ಎರಡು ಫೋಟೊಗಳನ್ನೂ ಪಕ್ಕ ಪಕ್ಕ ಇಟ್ಟುಕೊಳ್ಳಿ. ಹೃದಯ ಇಲ್ಲದ ಭಾಗವನ್ನು ದೊಡ್ಡ ಫೋಟೊದಿಂದ, ಇರುವ ಭಾಗವನ್ನು ಮಾತ್ರ ಚಿಕ್ಕದರಿಂದ ನೋಡಿ.

---

ಗವಂತಿ ಅಜ್ಜಿ (ಧಾರವಾಡ)
ಮಂಗಳವಾರ, ಬೆಳಿಗ್ಗೆ 6:30

ಮೊಮ್ಮಗ ಓದಿ ಹೇಳಿದ, ನಾನು ಹೇಳಿದ್ದನ್ನು ಅವನೇ ಬರೆಯುತ್ತಿದ್ದಾನೆ. ಗೋಪುರಕ್ಕೆ ನಡುಗೆರೆ ಇರುತ್ತದಲ್ಲವೇ ಮಗಳೇ? ಹೃದಯ ಬಲಗಡೆ ಬಿದ್ದಿದ್ದರೆ ಎಡಗಡೆಯನ್ನು ಚೌಕುಳಿ ಕಾಗದದ ಮೇಲೆ ಇಳಿಸಿ, ನಡುಗೆರೆಗೆ ಮಡಚಿ, ಬೆಳಕಿಗೆ ಹಿಡಿದು ಆಚೆ ಬದಿಗೆ ತೆಗೆದುಕೊಳ್ಳಿ. ನಮ್ಮ ಅವ್ವ ಹರಿದ ಕುಬಸದ ಕಸೂತಿಯನ್ನು ಹೀಗೆಯೇ ತೆಗೆಯುತ್ತಿದ್ದಳು. ನೀವು ಎರಡೂ ಬದಿಗೆ ಒಂದೇ ರೀತಿ ಹಾಕಿದ್ದರೆ ಮಾತ್ರ ಇದು ನಡೆಯುತ್ತದೆ.

---

ಗಜೇಂದ್ರಗಡ ಮಗ್ಗ
ಮಂಗಳವಾರ, ಬೆಳಿಗ್ಗೆ 8:45

ನಾವು ಸೀರೆ ಮಾರುವವರು, ದಿನಕ್ಕೆ ಮೂವತ್ತು ನಲವತ್ತು ಫೋಟೊಗೆ ಬೆಲೆಯ ಸ್ಟಿಕ್ಕರ್ ಹಾಕುತ್ತೇವೆ. ಪ್ರತಿಯೊಂದಕ್ಕೂ ಎರಡೆರಡು ಪ್ರತಿ ಇಟ್ಟರೆ ಫೋನ್ ತುಂಬುತ್ತದೆ. ನಾನು ಕಂಡುಕೊಂಡ ದಾರಿ ಎಂದರೆ ಗ್ಯಾಲರಿಯಲ್ಲಿ ಏನನ್ನೂ ಹಾಕದೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಮೊದಲು ಬರುವ ಪರದೆಯಲ್ಲಿ ಸ್ಟಿಕ್ಕರ್ ಹಾಕುವುದು. ಕಳಿಸಿದ್ದರಲ್ಲಿ ಮಾತ್ರ ಸ್ಟಿಕ್ಕರ್, ಗ್ಯಾಲರಿಯ ಫೋಟೊ ಹಾಗೆಯೇ ಇರುತ್ತದೆ. ಇದರಲ್ಲಿ ಏನಾದರೂ ತೊಂದರೆ ಇದೆಯೇ?

---

ಕತ್ತಲೆಕೋಣೆ
ಮಂಗಳವಾರ, ಬೆಳಿಗ್ಗೆ 9:10

ಒಳ್ಳೆಯ ದಾರಿ. ಒಂದೇ ಎಚ್ಚರ: ಫೋಟೊವನ್ನು ಫೋನಿನ ಕ್ಯಾಮೆರಾದಲ್ಲಿ ಮೊದಲು ತೆಗೆದಿರಬೇಕು. ವಾಟ್ಸ್‌ಆ್ಯಪ್ ಒಳಗಿನ ಕ್ಯಾಮೆರಾದಲ್ಲಿ ತೆಗೆದು ಅಲ್ಲಿಯೇ ಸ್ಟಿಕ್ಕರ್ ಹಾಕಿದರೆ ಸ್ಟಿಕ್ಕರ್ ಇಲ್ಲದ ಪ್ರತಿ ಉಳಿಯುತ್ತದೆ ಎಂದು ನಂಬಿಕೊಳ್ಳಬೇಡಿ.

ಅಕ್ಕನ ಕೆಲಸಕ್ಕೆ ನಾನು ಹೇಳುವುದು ಇನ್ನೂ ಸ್ವಲ್ಪ ಹೆಚ್ಚು. ಸೀರೆ ಕೊಡುವ ಮೊದಲೇ ಫೋಟೊವನ್ನು ಕೇಬಲ್‌ನಿಂದ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಇಳಿಸಿ. ಯಾರಿಗಾದರೂ ಕಳಿಸಿ ಇಡುವುದಾದರೆ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ, ಆಗ 3000×4000 ಹಾಗೆಯೇ ಹೋಗುತ್ತದೆ. ಮಗಳಿಗೆ ಸ್ಟಿಕ್ಕರ್ ಹಾಕಲು ಬಿಡಿ, ಆದರೆ ಮೊದಲು ನಕಲು ಮಾಡಿ ಆ ನಕಲಿಗೆ ಹಾಕಲಿ. ಉಳಿಸುವ ಪರದೆಯಲ್ಲಿ `Save copy` ಇದ್ದರೆ ಅದನ್ನೇ ಒತ್ತಲಿ.

---

ಗಜೇಂದ್ರಗಡ ಮಗ್ಗ
ಮಂಗಳವಾರ, ಬೆಳಿಗ್ಗೆ 9:26

ಸ್ವಚ್ಛ ಫೋಟೊವನ್ನು ಡಾಕ್ಯುಮೆಂಟ್ ಆಗಿ ಹೊರಗೆ ಕಳಿಸಿದರೆ ವಿನ್ಯಾಸ ಕದಿಯುವವರಿಗೆ ನಾವೇ ಕೈಗೆ ಕೊಟ್ಟಂತೆ. ನಾನು ಬೇಕೆಂದೇ ಸೆರಗಿನ ನಡುವೆ ಸ್ಟಿಕ್ಕರ್ ಹಾಕುತ್ತೇನೆ.

---

ಕತ್ತಲೆಕೋಣೆ
ಮಂಗಳವಾರ, ಬೆಳಿಗ್ಗೆ 9:41

ಮನೆಯವರಿಗೆ ಕಳಿಸಿ ಇಡುವ ಮಾತು ಹೇಳಿದೆ, ಗಿರಾಕಿಗಲ್ಲ. ಆದರೆ ಅಜ್ಜಿ ಹೇಳಿದ್ದನ್ನು ನೋಡಿದಿರಲ್ಲ: ಅರ್ಧ ಕಂಡರೆ ತಿಳಿದವರು ಉಳಿದರ್ಧ ಹಾಕುತ್ತಾರೆ. ಇದಕ್ಕೆ ನನ್ನ ಬಳಿ ಉತ್ತರವಿಲ್ಲ.

---

ದಾರಸೂಜಿ
ಬುಧವಾರ, ರಾತ್ರಿ 10:05

ಎರಡು ಸಂಜೆ ಕುಳಿತೆ. ಅಜ್ಜಿ ಹೇಳಿದಂತೆ ಎಡಗಡೆಯನ್ನು ಚೌಕುಳಿ ಕಾಗದಕ್ಕೆ ಇಳಿಸಿ ಮಡಚಿದೆ. ಮುರ್ಗಿ ಮೆಟ್ಟಿಲು 24ಕ್ಕೆ 24 ಬಂದವು. ಚಿಕ್ಕ ಫೋಟೊದೊಂದಿಗೆ ಹೋಲಿಸಿದಾಗ ಗವಂತಿ ಗೆರೆ ಎಲ್ಲ ಕಡೆ ಕೂಡಿತು, ಒಂದು ಕಡೆ ಬಿಟ್ಟು. ಕಳಸದ ಬಲಕ್ಕೆ ಒಂದು ಗಿಳಿ ಹಾಕಿದ್ದೆ, ಎಡಗಡೆ ಅದರ ಜೋಡಿ ಇಲ್ಲ. ಮದುಮಗಳೇ ಒಂದೇ ಗಿಳಿ ಸಾಕು ಎಂದಿದ್ದಳು. ಚಿಕ್ಕ ಫೋಟೊದಲ್ಲಿ ಅದರ ಹೊರಗೆರೆ ಸಿಕ್ಕಿತು. ಹೊಟ್ಟೆಯ ತುಂಬು ಹೊಲಿಗೆ ಬರೀ ಹಸಿರು ಮಬ್ಬು.

ಸೀರೆ ಮದುಮಗಳೊಂದಿಗೆ ಹೊರದೇಶಕ್ಕೆ ಹೋಗಿದೆ. ಸೆರಗು ಬಿಡಿಸಿ ಹತ್ತಿರದಿಂದ ಒಂದು ಫೋಟೊ ತೆಗೆದು ಡಾಕ್ಯುಮೆಂಟ್ ಆಗಿ ಕಳಿಸು ತಾಯಿ ಎಂದು ಅವಳಿಗೆ ಸಂದೇಶ ಹಾಕಿದ್ದೇನೆ. ಇನ್ನೂ ನೋಡಿಲ್ಲ. ಬೆಳಗಾವಿಯವರಿಗೆ ಗೋಪುರದ ಬುಡದಿಂದ ಶುರು ಮಾಡಿದ್ದೇನೆ, ಗಿಳಿಯವರೆಗೆ ಬರಲು ಹನ್ನೆರಡು ದಿನ ಬೇಕು.